30 ವರ್ಷ ಫ್ರೀಜ್ ಆಗಿದ್ದ ಭ್ರೂಣದಿಂದ ಮಗು: ಸುದ್ದಿ ನಿಜ, ಫಾರ್ವರ್ಡ್‌ನ ಕೊನೆಯ ಸಾಲು ಮಾತ್ರ ನಿಜವಲ್ಲ

2025ರ ಜುಲೈನಲ್ಲಿ ಅಮೆರಿಕದ ಓಹಿಯೋ ರಾಜ್ಯದ ದಂಪತಿಗೆ ಒಂದು ಗಂಡು ಮಗು ಹುಟ್ಟಿತು. ಆ ಮಗುವಿನ ಭ್ರೂಣವನ್ನು ಪ್ರಯೋಗಾಲಯದಲ್ಲಿ ಸಿದ್ಧಪಡಿಸಿದ್ದು 1994ರಲ್ಲಿ, ಬೇರೊಂದು ದಂಪತಿಗಾಗಿ. ಅವರಿಗೆ ಆಗ ನಾಲ್ಕು ಭ್ರೂಣಗಳಾಗಿದ್ದವು. ಒಂದರಿಂದ ಹೆಣ್ಣು ಮಗು ಹುಟ್ಟಿತು, ಉಳಿದ ಮೂರು ಮೂರು ದಶಕ ಶೀತಲ ಪಾತ್ರೆಯಲ್ಲೇ ಇದ್ದವು. ಈ ಸುದ್ದಿ ಕೈಯಿಂದ ಕೈಗೆ ಸಾಗುವಾಗ ಕೊನೆಗೊಂದು ಸಾಲು ಅಂಟಿಕೊಳ್ಳುತ್ತದೆ: ‘ಈಗ ಅಂಡಾಣು ಫ್ರೀಜ್ ಮಾಡಿಸಿದರೆ ಸಾಕು, ಯಾವಾಗ ಬೇಕಾದರೂ ಮಗು ಪಡೆಯಬಹುದು.’ ಸುದ್ದಿ ಸರಿಯಾಗಿದೆ. ಆ ಕೊನೆಯ ಸಾಲಿನಲ್ಲಿ ಎರಡು ತಪ್ಪುಗಳಿವೆ. ಒಂದು ವಿಜ್ಞಾನಕ್ಕೆ ಸಂಬಂಧಿಸಿದ್ದು, ಇನ್ನೊಂದು ಕಾನೂನಿಗೆ.

ಮೊದಲು, ಫ್ರೀಜ್ ಮಾಡುವುದು ಎಂದರೇನು ಎಂದು ನೋಡೋಣ. ನೀರು ತುಂಬಿದ ಗಾಜಿನ ಬಾಟಲಿಯನ್ನು ಫ್ರೀಜರ್‌ನಲ್ಲಿ ಮರೆತರೆ ಅದು ಒಡೆಯುತ್ತದೆ. ಟೊಮೆಟೊ ಇಟ್ಟರೆ ಹೊರಗೆ ತೆಗೆದಾಗ ಮೆತ್ತಗಾಗಿ ನೀರು ಬಿಡುತ್ತದೆ. ಎರಡಕ್ಕೂ ಕಾರಣ, ನೀರು ಮಂಜುಗಡ್ಡೆಯಾಗುವಾಗ ಹಿಗ್ಗುತ್ತದೆ ಮತ್ತು ಚೂಪಾದ ಹರಳುಗಳಾಗುತ್ತದೆ. ಅಂಡಾಣುವಿನ ಕಷ್ಟವೂ ಇದೇ. ಅದು ಮನುಷ್ಯ ದೇಹದ ಅತಿ ದೊಡ್ಡ ಜೀವಕೋಶ. ಸುಮಾರು 0.1 ಮಿಲಿಮೀಟರ್ ಅಡ್ಡಳತೆ, ಒಳಗೆ ಬಹುಪಾಲು ನೀರು. ಹರಳು ಕಟ್ಟಿದರೆ ಹೊರಪೊರೆ ಹರಿಯುತ್ತದೆ, ವರ್ಣತಂತುಗಳನ್ನು ಸಾಲಾಗಿ ಹಿಡಿದಿರುವ ನವಿರು ಎಳೆಗಳೂ ಕೆಡುತ್ತವೆ.

ಹಳೆಯ ವಿಧಾನದಲ್ಲಿ ತಾಪಮಾನವನ್ನು ನಿಧಾನವಾಗಿ, ಗಂಟೆಗಟ್ಟಲೆ ಇಳಿಸುತ್ತಿದ್ದರು. ಭ್ರೂಣಗಳು ಅದನ್ನು ಒಂದು ಮಟ್ಟಿಗೆ ತಡೆದುಕೊಂಡವು. ಹಾಗೆ ಫ್ರೀಜ್ ಮಾಡಿದ ಭ್ರೂಣದಿಂದ ಮೊದಲ ಮಗು ಹುಟ್ಟಿದ್ದು 1984ರಲ್ಲಿ, ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ. ಓಹಿಯೋದ ಮಗುವಿನ ಭ್ರೂಣವೂ ನಿಧಾನ ವಿಧಾನದ ಕಾಲದ್ದೇ. ಅಂಡಾಣುಗಳು ಮಾತ್ರ ಈ ವಿಧಾನದಲ್ಲಿ ಬಹಳ ಹಾಳಾಗುತ್ತಿದ್ದವು. ಆ ಪರಿಸ್ಥಿತಿ ಬದಲಾದದ್ದು ವಿಟ್ರಿಫಿಕೇಶನ್ ಬಂದ ಮೇಲೆ.

ವಿಟ್ರಿಫಿಕೇಶನ್ ಎಂದರೆ ಗಾಜಿನಂತಾಗಿಸುವುದು. ಅಡುಗೆಮನೆಯ ಉದಾಹರಣೆ ಹೇಳುವುದಾದರೆ, ಸಕ್ಕರೆ ಪಾಕವನ್ನು ದಿನಗಟ್ಟಲೆ ಅಲುಗಾಡಿಸದೆ ಬಿಟ್ಟರೆ ಕಲ್ಲುಸಕ್ಕರೆಯ ಹರಳು ಕಟ್ಟುತ್ತದೆ. ಅದೇ ಪಾಕವನ್ನು ಗಟ್ಟಿಯಾಗಿ ಕಾಯಿಸಿ ಬೇಗ ತಣ್ಣಗಾಗಿಸಿದರೆ ಹರಳಿಲ್ಲದ, ಹೊಳೆಯುವ ಮಿಠಾಯಿ ಸಿಗುತ್ತದೆ. ದ್ರಾವಣ ಗಾಢವಾಗಿರಬೇಕು, ತಣಿಯುವ ವೇಗ ಹೆಚ್ಚಿರಬೇಕು. ಈ ಎರಡೂ ಸೇರಿದರೆ ನೀರಿಗೆ ಹರಳು ಕಟ್ಟಲು ಸಮಯವೇ ಸಿಗುವುದಿಲ್ಲ.

ಪ್ರಯೋಗಾಲಯದಲ್ಲಿ ಇದು ಹೀಗೆ ನಡೆಯುತ್ತದೆ. ಹೆಚ್ಚಾಗಿ ಬಳಕೆಯಲ್ಲಿರುವ ವಿಧಾನದಲ್ಲಿ ಅಂಡಾಣುವನ್ನು ಮೊದಲು ಎಥಿಲೀನ್ ಗ್ಲೈಕಾಲ್ ಮತ್ತು ಡಿಎಂಎಸ್‌ಒ ಎಂಬ ಎರಡು ರಾಸಾಯನಿಕಗಳ ತೆಳು ದ್ರಾವಣದಲ್ಲಿ ಸುಮಾರು ಕಾಲು ಗಂಟೆ ಇಡುತ್ತಾರೆ. ಉಪ್ಪು ಬೆರೆಸಿದ ಮಾವಿನಕಾಯಿ ಹೋಳು ನೀರು ಬಿಟ್ಟು ಮುದುಡುವಂತೆ ಅಂಡಾಣುವೂ ಮೊದಲು ಕುಗ್ಗುತ್ತದೆ. ರಾಸಾಯನಿಕ ಒಳಗೆ ಹೋದಂತೆ ಮತ್ತೆ ಉಬ್ಬುತ್ತದೆ. ಆಮೇಲೆ ಅವೇ ರಾಸಾಯನಿಕಗಳ ಎರಡು ಪಟ್ಟು ಗಾಢವಾದ, ಸಕ್ಕರೆಯೂ ಸೇರಿದ ದ್ರಾವಣ. ಇದರಲ್ಲಿ ಇರಿಸುವುದು ಒಂದರಿಂದ ಒಂದೂವರೆ ನಿಮಿಷ ಮಾತ್ರ, ಏಕೆಂದರೆ ಹೆಚ್ಚು ಹೊತ್ತು ಬಿಟ್ಟರೆ ಕಾಪಾಡಬೇಕಾದ ರಾಸಾಯನಿಕವೇ ಅಂಡಾಣುವಿಗೆ ವಿಷವಾಗುತ್ತದೆ. ಅಷ್ಟರೊಳಗೆ ಎಂಬ್ರಿಯಾಲಜಿಸ್ಟ್ ಅದನ್ನು ತೆಳುವಾದ ಪ್ಲಾಸ್ಟಿಕ್ ಪಟ್ಟಿಯ ತುದಿಗೆ ಇಟ್ಟು, ಸುತ್ತಲಿನ ದ್ರಾವಣವನ್ನು ಹೀರಿ ತೆಗೆದು, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಅದ್ದುತ್ತಾರೆ. ಪಟ್ಟಿಯ ಮೇಲೆ ಉಳಿಯುವ ದ್ರಾವಣ ಒಂದು ಹನಿ ನೀರಿನ ಐನೂರನೇ ಒಂದು ಪಾಲಿನಷ್ಟು. ಆದ್ದರಿಂದಲೇ ಅದು ನಿಮಿಷಕ್ಕೆ 20,000 ಡಿಗ್ರಿಗೂ ಹೆಚ್ಚಿನ ವೇಗದಲ್ಲಿ ತಣ್ಣಗಾಗುತ್ತದೆ. ಇಡೀ ಕೆಲಸ ಮಾಡುವುದು ಕೈ ಮತ್ತು ಸೂಕ್ಷ್ಮದರ್ಶಕ, ಯಂತ್ರವಲ್ಲ. ಒಂದು ಕೇಂದ್ರದ ಫಲಿತಾಂಶ ಇನ್ನೊಂದರಂತೆ ಇರದಿರುವುದಕ್ಕೆ ಇದು ಮುಖ್ಯ ಕಾರಣ ಎಂದು ನಮಗೆ ಅನಿಸುತ್ತದೆ.

ಹೊರತೆಗೆಯುವಾಗ ಅಪಾಯ ಇನ್ನೂ ಹೆಚ್ಚು. ನಿಧಾನವಾಗಿ ಬಿಸಿ ಮಾಡಿದರೆ ದಾರಿಯಲ್ಲಿ ಹರಳು ಕಟ್ಟಲು ಅವಕಾಶ ಸಿಗುತ್ತದೆ. ಆದ್ದರಿಂದ ಪಟ್ಟಿಯನ್ನು ನೇರವಾಗಿ 37 ಡಿಗ್ರಿಯ ಸಕ್ಕರೆ ದ್ರಾವಣಕ್ಕೆ ಅದ್ದುತ್ತಾರೆ. ಆಮೇಲೆ ಹಂತ ಹಂತವಾಗಿ ಸಕ್ಕರೆ ಕಡಿಮೆ ಮಾಡಿ ರಾಸಾಯನಿಕವನ್ನು ತೊಳೆಯುತ್ತಾರೆ. ಒಮ್ಮೆಲೇ ಬರೀ ನೀರಿನಂಥ ದ್ರಾವಣಕ್ಕೆ ಹಾಕಿದರೆ ನೀರು ಒಳನುಗ್ಗಿ ಅಂಡಾಣು ಒಡೆಯಬಹುದು. ಬದುಕಿದೆಯೋ ಇಲ್ಲವೋ ಎಂಬುದು ಕಣ್ಣಿಗೇ ಕಾಣುತ್ತದೆ. ಬದುಕಿದ್ದು ಮತ್ತೆ ದುಂಡಗಾಗುತ್ತದೆ, ಒಳಗೆ ತಿಳಿಯಾಗಿರುತ್ತದೆ. ಸತ್ತದ್ದು ಕಪ್ಪಾಗಿ ಮುದುಡಿಯೇ ಇರುತ್ತದೆ ಅಥವಾ ಹರಡಿಹೋಗುತ್ತದೆ. ಐದು ದಿನದ ಭ್ರೂಣವಾದರೆ ಕೆಲವು ಗಂಟೆಗಳಲ್ಲಿ ಮತ್ತೆ ಉಬ್ಬುತ್ತದೆಯೇ ಎಂದು ಕಾಯುತ್ತಾರೆ.

ಒಳ್ಳೆಯ ಕೇಂದ್ರಗಳಲ್ಲಿ ಈ ಹಂತದಲ್ಲಿ ಉಳಿಯುವ ಅಂಡಾಣುಗಳು ನೂರಕ್ಕೆ 80ರಿಂದ 90ರಷ್ಟು, ಐದು ದಿನದ ಭ್ರೂಣಗಳು 95ರ ಆಸುಪಾಸು. ಈ ವ್ಯತ್ಯಾಸಕ್ಕೆ ಸರಳ ಕಾರಣವಿದೆ. ಐದು ದಿನದ ಭ್ರೂಣದಲ್ಲಿ ನೂರರಷ್ಟು ಜೀವಕೋಶಗಳಿರುತ್ತವೆ, ನಾಲ್ಕು ಸತ್ತರೂ ಉಳಿದವು ಬೆಳೆಯಬಲ್ಲವು. ಅಂಡಾಣು ಒಂದೇ ಜೀವಕೋಶ.

ಫಾರ್ವರ್ಡ್‌ಗಳಲ್ಲೂ ಕೆಲವು ಜಾಹೀರಾತುಗಳಲ್ಲೂ ಗೊಂದಲವಾಗುವುದು ಈ ‘ಶೇ. 90’ರ ಬಗ್ಗೆ. ಅದು ಬದುಕುಳಿದ ಅಂಡಾಣುಗಳ ಲೆಕ್ಕ, ಹುಟ್ಟಿದ ಮಕ್ಕಳ ಲೆಕ್ಕವಲ್ಲ. ಒಂದು ಉದಾಹರಣೆಯ ಲೆಕ್ಕ ಹಾಕೋಣ. 34ರ ವಯಸ್ಸಿನ ಮಹಿಳೆಯೊಬ್ಬರಿಂದ 12 ಅಂಡಾಣು ತೆಗೆದರು ಎಂದುಕೊಳ್ಳಿ. ಅವುಗಳಲ್ಲಿ ಪಕ್ವವಾದವು 10, ಫ್ರೀಜ್ ಆಗುವುದು ಅಷ್ಟೇ. ಕೆಲವು ವರ್ಷದ ಬಳಿಕ ತೆಗೆದಾಗ 9 ಬದುಕುತ್ತವೆ. ಪ್ರತಿಯೊಂದಕ್ಕೂ ಸೂಜಿಯಿಂದ ಒಂದೊಂದು ವೀರ್ಯಾಣು ಸೇರಿಸಿದರೆ ಸುಮಾರು 6 ಫಲಿತಗೊಳ್ಳುತ್ತವೆ. ಐದನೇ ದಿನದವರೆಗೆ ಬೆಳೆಯುವುದು 3 ಇರಬಹುದು. ಆ ಮೂರರಲ್ಲಿ ಪ್ರತಿಯೊಂದೂ ಮಗುವಾಗುವ ಸಾಧ್ಯತೆ ಈ ವಯಸ್ಸಿಗೆ ಅರ್ಧದ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ. ಅಂದರೆ ಒಂದು ಮಗುವಿನ ನಿರೀಕ್ಷೆ ಇಟ್ಟುಕೊಳ್ಳಬಹುದು, ಖಾತರಿ ಇಲ್ಲ. ಇದೇ ಅಂಡಾಣುಗಳನ್ನು 40ರಲ್ಲಿ ತೆಗೆದಿದ್ದರೆ ಫ್ರೀಜ್‌ನಿಂದ ಹೊರಬಂದವು ಬಹುಶಃ ಅಷ್ಟೇ ಇರುತ್ತಿದ್ದವು, ಮುಂದಿನ ಮೆಟ್ಟಿಲುಗಳಲ್ಲಿ ಉದುರುವುದು ಹೆಚ್ಚಾಗುತ್ತಿತ್ತು. ವಯಸ್ಸಿನ ಏಟು ಬೀಳುವುದು ಅಂಡಾಣುವಿನ ವರ್ಣತಂತುಗಳ ಮೇಲೆ, ಅದನ್ನು ಯಾವ ಶೀತವೂ ಸರಿಪಡಿಸುವುದಿಲ್ಲ. ಓಹಿಯೋ ದಂಪತಿಯ ಪ್ರಕರಣದಲ್ಲೂ ಮೂರು ಭ್ರೂಣಗಳನ್ನು ಹೊರತೆಗೆದರು, ಒಂದು ಬೆಳವಣಿಗೆ ನಿಲ್ಲಿಸಿತು, ಎರಡನ್ನು ಗರ್ಭಕ್ಕೆ ಸೇರಿಸಿದರು, ಒಂದು ನಿಂತಿತು.

ಹಾಗಾದರೆ ವರ್ಷಗಳು ಕಳೆದಂತೆ ಕೆಡುವುದಿಲ್ಲವೇ? ಮೈನಸ್ 196ರಲ್ಲಿ ಜೀವಕೋಶದ ರಾಸಾಯನಿಕ ಕ್ರಿಯೆಗಳು ನಿಂತೇಹೋಗುತ್ತವೆ. ಹಾಗಾಗಿ ಒಂದು ವರ್ಷಕ್ಕೂ ಹತ್ತು ವರ್ಷಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ಅಪಾಯ ಇರುವುದು ಪಾತ್ರೆಯಲ್ಲಿ. ಸಾರಜನಕ ಆವಿಯಾಗುತ್ತಲೇ ಇರುತ್ತದೆ, ತುಂಬಿಸುತ್ತಲೇ ಇರಬೇಕು. 2018ರ ಮಾರ್ಚ್‌ನಲ್ಲಿ ಕ್ಲೀವ್ಲೆಂಡ್‌ನ ಒಂದು ಆಸ್ಪತ್ರೆಯಲ್ಲಿ ಒಂದೇ ಪಾತ್ರೆಯ ತಾಪಮಾನ ಏರಿ 4,000ಕ್ಕೂ ಹೆಚ್ಚು ಅಂಡಾಣು ಮತ್ತು ಭ್ರೂಣಗಳು ಹಾಳಾದವು. ಇನ್ನೊಂದು ಮಿತಿಯೂ ಇದೆ: ಅಂಡಾಣುಗಳ ವಿಟ್ರಿಫಿಕೇಶನ್ ವ್ಯಾಪಕವಾಗಿ ಬಳಕೆಗೆ ಬಂದು ಸುಮಾರು ಎರಡು ದಶಕವಷ್ಟೇ ಆಗಿದೆ. ಮೂವತ್ತು ವರ್ಷದ ಭ್ರೂಣದ ಸುದ್ದಿ ಅದಕ್ಕೆ ಪುರಾವೆಯಾಗದು.

ಇನ್ನು ಎರಡನೇ ತಪ್ಪು. ಪಾತ್ರೆಯೊಳಗೆ ಕಾಲ ನಿಂತರೂ ಹೊರಗೆ ನಿಲ್ಲುವುದಿಲ್ಲ. ದಂಪತಿ ಬೇರೆಯಾಗುತ್ತಾರೆ, ಒಬ್ಬರು ತೀರಿಕೊಳ್ಳುತ್ತಾರೆ, ಊರು ಬದಲಾಗುತ್ತದೆ. ಬ್ರಿಟನ್ನಿನ ನಟಾಲಿ ಇವಾನ್ಸ್ ಪ್ರಕರಣ ಇದಕ್ಕೆ ಪ್ರಸಿದ್ಧ. 2001ರಲ್ಲಿ, ಕಾಯಿಲೆಯಿಂದಾಗಿ ಅಂಡಾಶಯ ತೆಗೆಸಿಕೊಳ್ಳುವ ಮುನ್ನ, ಅವರು ತಮ್ಮ ಸಂಗಾತಿಯ ಜೊತೆ ಆರು ಭ್ರೂಣಗಳನ್ನು ಇರಿಸಿದರು. ಮರುವರ್ಷ ಸಂಬಂಧ ಮುರಿದು, ಆತ ಒಪ್ಪಿಗೆ ಹಿಂಪಡೆದ. ತಾನು ಸ್ವಂತ ರಕ್ತದ ಮಗು ಪಡೆಯಲು ಉಳಿದಿರುವ ದಾರಿ ಇದೊಂದೇ ಎಂದು ಆಕೆ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೂ ಹೋದರು. 2007ರಲ್ಲಿ 13–4ರ ಬಹುಮತದಿಂದ ಸೋತರು. ತೀರ್ಪು ಕಠಿಣವಾಗಿ ಕಾಣಬಹುದು. ಆದರೆ ಬ್ರಿಟನ್ನಿನ ಕಾನೂನಿನಲ್ಲಿ ಭ್ರೂಣವನ್ನು ಗರ್ಭಕ್ಕೆ ಸೇರಿಸುವವರೆಗೂ ಇಬ್ಬರಿಗೂ ‘ಬೇಡ’ ಎನ್ನುವ ಹಕ್ಕು ಇದೆ. ಆಕೆ ಅಂಡಾಣುಗಳನ್ನೇ ಇರಿಸಿದ್ದರೆ ಆ ಹಕ್ಕು ಆಕೆಯೊಬ್ಬರದೇ ಆಗಿರುತ್ತಿತ್ತು. ಭ್ರೂಣ ಹೆಚ್ಚು ಬದುಕುತ್ತದೆ ಎಂಬ ಒಂದೇ ಕಾರಣಕ್ಕೆ ಅದನ್ನು ಆರಿಸುವವರು ಈ ವ್ಯತ್ಯಾಸವನ್ನೂ ಗಮನಿಸಬೇಕು.

ನಮ್ಮಲ್ಲಿ ಇದನ್ನು ನಿಯಂತ್ರಿಸುವುದು 2021ರ ಎಆರ್‌ಟಿ ಕಾಯ್ದೆ. ದಾನಿಯ ಅಂಡಾಣು, ವೀರ್ಯಾಣು ಅಥವಾ ಭ್ರೂಣವನ್ನು ಹತ್ತು ವರ್ಷಕ್ಕಿಂತ ಹೆಚ್ಚು ಇಡುವಂತಿಲ್ಲ. ಅವಧಿ ಮುಗಿದ ಮೇಲೆ ಕಾಯ್ದೆ ಹೇಳುವ ದಾರಿ ಎರಡೇ: ನಾಶವಾಗಲು ಬಿಡುವುದು, ಇಲ್ಲವೇ ಒಪ್ಪಿಗೆಯಿಂದ ಸಂಶೋಧನೆಗೆ ಕೊಡುವುದು. ಮೂವತ್ತು ವರ್ಷ ಇಟ್ಟು ಬೇರೆ ದಂಪತಿಗೆ ಕೊಡುವ ಓಹಿಯೋದ ಕತೆಗೆ ಇಲ್ಲಿ ಜಾಗವಿಲ್ಲ. ಚಿಕಿತ್ಸೆ ಪಡೆಯುವ ಮಹಿಳೆಗೆ 50ರ ವಯೋಮಿತಿಯೂ ಇದೆ. ಇದೇ ಕಾಯ್ದೆಯ ಪ್ರಕಾರ, ಒಬ್ಬರು ತೀರಿಕೊಂಡರೆ ಅಥವಾ ತೀರ್ಮಾನ ಹೇಳಲಾರದ ಸ್ಥಿತಿಗೆ ಬಂದರೆ ಏನು ಮಾಡಬೇಕು ಎಂಬ ಲಿಖಿತ ಸೂಚನೆ ಇಲ್ಲದೆ ಕೇಂದ್ರವು ಫ್ರೀಜ್ ಮಾಡುವಂತಿಲ್ಲ. ಗರ್ಭಕ್ಕೆ ಸೇರಿಸುವವರೆಗೂ ದಂಪತಿಯಲ್ಲಿ ಯಾರೊಬ್ಬರಾದರೂ ಒಪ್ಪಿಗೆ ಹಿಂಪಡೆಯಬಹುದು.

ಹತ್ತು ವರ್ಷದ ವಾಕ್ಯದಲ್ಲಿ ಹೆಸರಿಸಿರುವುದು ದಾನಿಯ ಜೀವಕೋಶ ಮತ್ತು ಭ್ರೂಣವನ್ನು ಎಂಬುದನ್ನೂ ಗಮನಿಸಿ. ಸ್ವಂತ ಅಂಡಾಣು ಇಡಿಸುವವರು ತಮ್ಮ ಒಪ್ಪಿಗೆ ಪತ್ರದಲ್ಲಿ ಎಷ್ಟು ವರ್ಷ ಎಂದು ಬರೆದಿದೆ, ವಾರ್ಷಿಕ ಶುಲ್ಕ ಕಟ್ಟದಿದ್ದರೆ ಏನಾಗುತ್ತದೆ, ಕೇಂದ್ರ ಮುಚ್ಚಿದರೆ ಪಾತ್ರೆ ಎಲ್ಲಿಗೆ ಹೋಗುತ್ತದೆ ಎಂದು ಸಹಿ ಹಾಕುವ ಮೊದಲೇ ಕೇಳಬೇಕು. ಯಾವ ವಿಧಾನದಲ್ಲಿ ಫ್ರೀಜ್ ಮಾಡಿದರು ಎಂಬ ದಾಖಲೆಯ ಪ್ರತಿಯನ್ನೂ ಪಡೆಯಿರಿ. ಬೇರೆ ಕೇಂದ್ರದಲ್ಲಿ ಹೊರತೆಗೆಯುವಾಗ ಅವರು ಅದಕ್ಕೆ ಹೊಂದುವ ಕ್ರಮವನ್ನೇ ಅನುಸರಿಸಬೇಕಾಗುತ್ತದೆ.

ಮೊಬೈಲ್ ಸಂಖ್ಯೆ ಬದಲಾದಾಗ ಕೇಂದ್ರಕ್ಕೆ ತಿಳಿಸುವುದು ಚಿಕ್ಕ ಕೆಲಸವೆನಿಸಬಹುದು. ಬ್ರಿಟನ್ನಿನಲ್ಲಿ ಆಗ ಭ್ರೂಣಗಳಿಗಿದ್ದ ಐದು ವರ್ಷದ ಮಿತಿ 1996ರ ಆಗಸ್ಟ್‌ನಲ್ಲಿ ಮೊದಲ ಬಾರಿಗೆ ಮುಗಿದಾಗ ಮೂರು ಸಾವಿರಕ್ಕೂ ಹೆಚ್ಚು ಭ್ರೂಣಗಳನ್ನು ನಾಶಪಡಿಸಲಾಯಿತು. ಅವುಗಳಲ್ಲಿ ಅನೇಕವುಗಳ ದಂಪತಿಗಳನ್ನು ಸಂಪರ್ಕಿಸಲು ಆಸ್ಪತ್ರೆಗಳಿಗೆ ಆಗಿರಲೇ ಇಲ್ಲ.