ಯಾರ ಮನೆ ಹುಡುಗ?

ಗೋರೆಗಾಂವಿನ ಕನ್ನಡ ಮನೆಗಳಲ್ಲಿ ವಯಸ್ಸಾದ ಅಮ್ಮಂದಿರಿಗೆ ಊರಿನ ಸುದ್ದಿ ಈಗ ಸಿಗುವುದು ವಾಟ್ಸಾಪಿನಲ್ಲೇ. ಕುಂದಾಪುರದಲ್ಲಿ ದೊಡ್ಡಪ್ಪ ತೀರಿಕೊಂಡದ್ದು, ಅಕ್ಕನ ಮಗಳ ನಿಶ್ಚಿತಾರ್ಥ, ನಡುವೆ ಬಿಸಿನೀರಿನಿಂದ ಕ್ಯಾನ್ಸರ್ ವಾಸಿಯಾಗುತ್ತದೆಂಬ ಮದ್ದು. ಮದ್ದಿನ ಸುಳ್ಳು ಬೇಗ ತಿಳಿಯುತ್ತದೆ. ತೊಡಕಾಗುವುದು ಮನೆಸುದ್ದಿಯ ಧಾಟಿಯಲ್ಲೇ ಬರುವ ಸಂದೇಶ: ‘ನಮ್ಮವರ ಹುಡುಗ, ಮಣಿಪಾಲದಲ್ಲಿ ಅಡ್ಮಿಟ್, ಇವತ್ತೇ ಪ್ಲೇಟ್‌ಲೆಟ್ ಬೇಕು, ಈ ನಂಬರಿಗೆ ಫೋನ್ ಮಾಡಿ, ಎಲ್ಲರಿಗೂ ಕಳಿಸಿ.’

ಸಂದೇಶದ ಮೇಲಿನ ಬಾಣದ ಗುರುತು ನೋಡಿದರೆ ಸಾಕು ಎನ್ನುವವರಿದ್ದಾರೆ. 2018ರ ಜುಲೈನಲ್ಲಿ ಮಕ್ಕಳ ಕಳ್ಳರೆಂಬ ವದಂತಿಗೆ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಐವರು, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಒಬ್ಬರು ಗುಂಪಿನ ಹೊಡೆತಕ್ಕೆ ಸತ್ತರು. ಅದೇ ತಿಂಗಳು ವಾಟ್ಸಾಪ್ ಫಾರ್ವರ್ಡ್ ಗುರುತನ್ನು ತಂದಿತು, ಭಾರತದಲ್ಲಿ ಒಂದು ಸಲಕ್ಕೆ ಐದೇ ಕಡೆ ಕಳಿಸುವ ಮಿತಿ ಹಾಕಿತು. ಐದು ಅಥವಾ ಹೆಚ್ಚು ಕೈ ದಾಟಿ ಬಂದದ್ದಕ್ಕೆ ಜೋಡಿ ಬಾಣ ಬಂದದ್ದು ಮರುವರ್ಷ. ಆದರೆ ಬಾಣ ಎಣಿಸುವುದು ಕೈಗಳನ್ನು, ಸತ್ಯವನ್ನಲ್ಲ. ದೊಡ್ಡಪ್ಪನ ಸಾವಿನ ಸುದ್ದಿಯೂ ಬಳಗದ ಗುಂಪುಗಳನ್ನು ದಾಟಿ ಬಾಣ ಹೊತ್ತೇ ಬರಬಹುದು. ಯಾರೋ ಕಾಪಿ ಮಾಡಿ ಅಂಟಿಸಿದ ಸುಳ್ಳಿಗೆ ಬಾಣವೇ ಇರುವುದಿಲ್ಲ; ಅದನ್ನು ಕಳಿಸಿದ ಚಿಕ್ಕಮ್ಮ ತಾವೇ ಬರೆದಂತೆ ಕಾಣುತ್ತದೆ.

ಆದ್ದರಿಂದ ಅಮ್ಮನನ್ನು ಕೇಳಬೇಕಾದದ್ದು ‘ಇದು ನಿಜವೇ?’ ಎಂದಲ್ಲ, ‘ಯಾರ ಮನೆ ಹುಡುಗ ಅಮ್ಮ?’ ಎಂದು. ಸಂಬಂಧದ ಎಳೆ ಹಿಡಿದು ಹೋಗುವುದರಲ್ಲಿ ಅವರು ನಮಗಿಂತ ಗಟ್ಟಿಗರು. ದೊಡ್ಡಪ್ಪನ ಸುದ್ದಿಯಾದರೆ ಎರಡು ಫೋನಿನಲ್ಲಿ ಆ ಹೊತ್ತು ಮನೆಯಲ್ಲಿದ್ದ ಮಗನೋ ಸೊಸೆಯೋ ಸಿಗುತ್ತಾರೆ. ಅವರು ಫೋನ್ ಎತ್ತದಿದ್ದರೆ ಸುದ್ದಿ ಸುಳ್ಳೆಂದಲ್ಲ. ಸಾವಿನ ಮನೆಯಲ್ಲಿ ಫೋನ್ ಯಾರು ನೋಡುತ್ತಾರೆ? ಪಕ್ಕದ ಮನೆಯವರನ್ನು ಕೇಳಬೇಕು. ಪ್ಲೇಟ್‌ಲೆಟ್ ಹುಡುಗನದಾದರೆ ಚಿಕ್ಕಮ್ಮನಿಗೆ ಬಂದದ್ದು ಭಜನಾ ಗುಂಪಿನಿಂದ, ಅಲ್ಲಿಗೆ ಬಂದದ್ದು ಇನ್ನೆಲ್ಲಿಂದಲೋ. ಅವನನ್ನು ಕಂಡವರು ಸಿಗುವುದೇ ಇಲ್ಲ.

ಹಾಗೆಂದು ಅದು ಕಟ್ಟುಕತೆಯೇ ಆಗಿರಬೇಕಿಲ್ಲ, ಮತ್ತು ನನಗೆ ಹೆಚ್ಚು ಕಳವಳ ತರುವುದು ಇದೇ. ಇಂಥ ಎಷ್ಟೋ ಮನವಿಗಳು ಹುಟ್ಟಿದ ದಿನ ನಿಜವೇ. ಪ್ಲೇಟ್‌ಲೆಟ್ಟನ್ನು ಸಾಮಾನ್ಯವಾಗಿ ಐದು ದಿನಕ್ಕಿಂತ ಹೆಚ್ಚು ಇಡಲಾಗದು. ಅದಕ್ಕೇ ಆ ಅವಸರ. ಸಂದೇಶದಲ್ಲಿ ‘ಇವತ್ತೇ’ ಎಂದಿದೆ, ತಾರೀಖಿಲ್ಲ. ಹುಡುಗ ಗುಣವಾಗಿ ಮನೆ ಸೇರಿ ವರ್ಷ ಕಳೆದರೂ ಆ ‘ಇವತ್ತು’ ಮುಗಿಯುವುದಿಲ್ಲ. ಅವನನ್ನು ಕಳಕೊಂಡ ಮನೆಯಾದರಂತೂ ಪ್ರತಿ ಕರೆಯೂ ಗಾಯ ಕೆದಕುತ್ತದೆ. ಕೊನೆಗೆ ಅವರು ನಂಬರನ್ನೇ ಬದಲಿಸುತ್ತಾರೆ. ಹಳೆಯ ಮನವಿಗಳಿಂದ ಬೇಸತ್ತ ಜನ ಇವತ್ತಿನ ನಿಜವಾದ ಕರೆಗೂ ಓಗೊಡುವುದಿಲ್ಲ.

ಆದ್ದರಿಂದ ಇಂಥ ಸಂದೇಶ ಬಂದಾಗ ಅದರಲ್ಲಿ ಕೊಟ್ಟ ನಂಬರಿಗೆ ಗುಂಪಿನ ಪರವಾಗಿ ಒಬ್ಬರೇ ಒಮ್ಮೆ ಫೋನ್ ಮಾಡಿ, ತಿಳಿದದ್ದನ್ನು ಅದೇ ಸಂದೇಶದ ಕೆಳಗೆ ತಾರೀಖು ಹಾಕಿ ಬರೆಯಬೇಕು. ಬರೆಯುವವರು ಅಮ್ಮನೇ ಆದರೆ ಒಳ್ಳೆಯದು. ಮಗ ತಿದ್ದಿದರೆ ಅಮ್ಮನಿಗೆ ಅವಮಾನ. ಅಮ್ಮನೇ ‘ನಾನು ಕೇಳಿದೆ, ಹುಡುಗ ಹುಷಾರಾಗಿ ಮನೆಗೆ ಹೋಗಿದ್ದಾನಂತೆ’ ಎಂದು ಹಾಕಿದರೆ ಚಿಕ್ಕಮ್ಮ ಅದನ್ನೇ ಭಜನಾ ಗುಂಪಿಗೂ ದಾಟಿಸುತ್ತಾರೆ.