ಸೆಪ್ಟೆಂಬರ್ 15 ನಮ್ಮದು, ಮಾರ್ಚ್ 4 ಎಲ್ಲರದು

ಸೆಪ್ಟೆಂಬರ್ 15 ಬಂತು ಅಂದ್ರೆ ಎಲ್ಲರ ಸ್ಟೇಟಸ್‌ನಲ್ಲೂ ಸರ್ ಎಂ.ವಿ. ಅವರ ಫೋಟೋ. ಎಂಜಿನಿಯರಿಂಗ್ ಓದೋ ನಮಗೆ ಅದು ಖುಷಿಯೇ. ಆದರೆ ಎಷ್ಟೋ ಪೋಸ್ಟರ್‌ಗಳಲ್ಲಿ ಫೋಟೋ ಕೆಳಗೆ ‘ವಿಶ್ವ ಎಂಜಿನಿಯರ್‌ಗಳ ದಿನ’ ಅಂತ ಬರೆದಿರುತ್ತೆ. ನಮ್ಮ ತಕರಾರು ಇರೋದು ಆ ‘ವಿಶ್ವ’ದ ಬಗ್ಗೆ.

ಸೆಪ್ಟೆಂಬರ್ 15 ವಿಶ್ವೇಶ್ವರಯ್ಯನವರ ಹುಟ್ಟುಹಬ್ಬ, ಭಾರತದ ಎಂಜಿನಿಯರ್‌ಗಳ ದಿನ. ವಿಶ್ವಮಟ್ಟದ ದಿನ ಮಾರ್ಚ್ 4. ಅದನ್ನು ಘೋಷಿಸಿದ್ದು ಯುನೆಸ್ಕೋ, 2019ರ ನವೆಂಬರ್‌ನಲ್ಲಿ ನಡೆದ ತನ್ನ ಮಹಾಸಮ್ಮೇಳನದಲ್ಲಿ. ಪ್ರಸ್ತಾಪ ಇಟ್ಟಿದ್ದು ಎಂಜಿನಿಯರಿಂಗ್ ಸಂಸ್ಥೆಗಳ ವಿಶ್ವ ಒಕ್ಕೂಟ. ಆ ಒಕ್ಕೂಟ ಶುರುವಾಗಿದ್ದು 1968ರ ಮಾರ್ಚ್ 4ರಂದು, ಹಾಗಾಗಿ ಆ ತಾರೀಖು. ಮೊದಲ ಆಚರಣೆ 2020ರಲ್ಲಿ.

ಇದನ್ನೆಲ್ಲ ಚೆಕ್ ಮಾಡೋದು ಕಷ್ಟವಲ್ಲ. ವಿಶ್ವಸಂಸ್ಥೆಯ un.org/en/observances ಪುಟದಲ್ಲಿ ಅಂತರರಾಷ್ಟ್ರೀಯ ದಿನಗಳ ಪಟ್ಟಿ ಇದೆ. ಅಲ್ಲಿ ಹೆಸರು, ತಾರೀಖು ನೋಡಿ ಸುಮ್ಮನಾಗಬಾರದು. ಯಾವ ನಿರ್ಣಯದಿಂದ ಆ ದಿನ ಬಂತು ಅಂತ ಹುಡುಕಿ, ಆ ನಿರ್ಣಯವನ್ನೇ ತೆರೆಯಬೇಕು.

ಉದಾಹರಣೆಗೆ ವಿಶ್ವ ಶೌಚಾಲಯ ದಿನ ತಗೊಳ್ಳೋಣ. ಅದರ ನಿರ್ಣಯದ ಸಂಖ್ಯೆ A/RES/67/291. A ಅಂದರೆ ಸಾಮಾನ್ಯ ಸಭೆ, RES ಅಂದರೆ ನಿರ್ಣಯ, 67 ಅಧಿವೇಶನದ ಸಂಖ್ಯೆ, 291 ಆ ಅಧಿವೇಶನದ ನಿರ್ಣಯದ ಸಂಖ್ಯೆ. ಇದನ್ನು ಹಾಗೇ digitallibrary.un.org ನಲ್ಲಿ ಹಾಕಿದರೆ ಮೂಲ ದಾಖಲೆ ಸಿಗುತ್ತೆ. ಅದು ಅಂಗೀಕಾರವಾಗಿದ್ದು 2013ರ ಜುಲೈ 24ರಂದು, ಆದರೆ ಅದು ನಿಗದಿ ಮಾಡಿದ ದಿನ ನವೆಂಬರ್ 19. ಗಡಿಬಿಡಿಯಲ್ಲಿ ಓದಿದವರು ಈ ಎರಡು ತಾರೀಖುಗಳನ್ನು ಅದಲು ಬದಲು ಮಾಡಿಬಿಡ್ತಾರೆ. ‘ನಿಗದಿಪಡಿಸಲು ತೀರ್ಮಾನಿಸುತ್ತದೆ’ ಅನ್ನೋ ಅರ್ಥದ ವಾಕ್ಯ ಎಲ್ಲಿದೆಯೋ ಅಲ್ಲಿರೋ ತಾರೀಖೇ ಸರಿ.

ಕೆಲವು ದಿನಗಳಿಗೆ ತಾರೀಖೇ ಇಲ್ಲ, ವಾರ ಮಾತ್ರ ಇದೆ. ‘ಗರ್ಲ್ಸ್ ಇನ್ ಐಸಿಟಿ’ ದಿನ ಏಪ್ರಿಲ್‌ನ ನಾಲ್ಕನೇ ಗುರುವಾರ ಬರುತ್ತೆ: 2024ರಲ್ಲಿ 25, 2025ರಲ್ಲಿ 24. ಹಳೇ ಪೋಸ್ಟರ್‌ನಲ್ಲಿ ಇಸವಿ ಮಾತ್ರ ಬದಲಾಯಿಸಿದರೆ ತಪ್ಪಾಗೋದು ಇಲ್ಲೇ.

ಹಾಗಂತ ಪಟ್ಟಿಯಲ್ಲಿ ಇಲ್ಲದ್ದೆಲ್ಲ ಸುಳ್ಳು ಅಂತಲ್ಲ. ಅದೇ ನವೆಂಬರ್ 19ರಂದು ಅಂತರರಾಷ್ಟ್ರೀಯ ಪುರುಷರ ದಿನವನ್ನೂ ಆಚರಿಸ್ತಾರೆ. ಅದು ವಿಶ್ವಸಂಸ್ಥೆ ಘೋಷಿಸಿದ್ದಲ್ಲ. ಆಚರಿಸಲಿ, ಆದರೆ ‘ವಿಶ್ವಸಂಸ್ಥೆ ಘೋಷಿತ’ ಅಂತ ಸೇರಿಸೋದು ಬೇಡ.

ನಮ್ಮ ಬೇಡಿಕೆ ಒಂದೇ: ಕಾಲೇಜಿನ ಪ್ರತಿ ಪೋಸ್ಟರ್‌ನ ಮೂಲೆಯಲ್ಲಿ ಆ ದಿನವನ್ನು ಘೋಷಿಸಿದವರು ಯಾರು, ಯಾವಾಗ ಅನ್ನೋ ಒಂದು ಸಾಲು ಇರಲಿ. ಸರ್ ಎಂ.ವಿ. ಅವರ ದಿನಕ್ಕೆ ‘ವಿಶ್ವ’ ಅಂತ ಸೇರಿಸಿದರೆ ಅವರ ಗೌರವವೇನೂ ಹೆಚ್ಚಾಗಲ್ಲ. ಕನ್ನಂಬಾಡಿ ಕಟ್ಟೆಯ ಲೆಕ್ಕ ಹಾಕಿದವರ ಫೋಟೋ ಕೆಳಗೆ ತಪ್ಪು ಮಾಹಿತಿ ಇರೋದು ಮಾತ್ರ ಚೆನ್ನಾಗಿ ಕಾಣಲ್ಲ.