ಹೊರಗಿನ ಹಲಗೆ, ಒಳಗಿನ ಪುಸ್ತಕ

ಬೆಳಗಿನ 11 ಗಂಟೆ. ಅತ್ತಿಗುಪ್ಪೆಯ ಮನೆಯೊಂದರಲ್ಲಿ ಕಾಲೇಜು ವಿದ್ಯಾರ್ಥಿಯೊಬ್ಬನು ಮರುದಿನ ಹುಬ್ಬಳ್ಳಿಗೆ ಹೋಗಲು ತತ್ಕಾಲ್ ಟಿಕೆಟಿಗಾಗಿ ಕಾದು ಕುಳಿತಿದ್ದಾನೆಂದು ಭಾವಿಸೋಣ. ಹವಾನಿಯಂತ್ರಣವಿಲ್ಲದ ಸ್ಲೀಪರ್ ತರಗತಿಗೆ ತತ್ಕಾಲ್ ಮಾರಾಟ ತೊಡಗುವುದು ಆ ಗಂಟೆಗೇ. ಪರದೆಯ ಮೇಲೆ ‘40 ಸ್ಥಾನಗಳಿವೆ’ ಎಂದಿತ್ತು. ಹೆಸರು ಬರೆದು ಒತ್ತುವಷ್ಟರಲ್ಲಿ ‘ಸ್ಥಾನವಿಲ್ಲ’ ಎಂಬ ಉತ್ತರ! ಇದು ಮೋಸವೆಂದು ಅವನು ಸಿಡುಕಿದರೆ ಆಶ್ಚರ್ಯವಿಲ್ಲ. ಆದರೆ ಅವನು ನೋಡಿದ್ದು ಲೆಕ್ಕದ ಪುಸ್ತಕವನ್ನಲ್ಲ, ಹೊರಗೆ ತೂಗುಹಾಕಿದ ಹಲಗೆಯನ್ನು.

ಈ ಹಲಗೆಗೆ ಕ್ಯಾಶ್ ಎಂದು ಹೆಸರು (ನಗದು ಹಣಕ್ಕೂ ಇದಕ್ಕೂ ನಂಟಿಲ್ಲ). ಸಾವಿರಾರು ಜನರು ‘ಎಷ್ಟು ಉಳಿದಿದೆ?’ ಎಂದು ಕೇಳುತ್ತಿರುವಾಗ ಪ್ರತಿಯೊಬ್ಬರಿಗೂ ಮೂಲ ಪುಸ್ತಕವನ್ನು ತೆರೆದು ತೋರಿಸಲಾಗದು. ಆದ್ದರಿಂದ ಐದು ಸೆಕೆಂಡಿಗೊಮ್ಮೆ ಅಂಕಿಯನ್ನು ಹಲಗೆಗೆ ನಕಲು ಮಾಡಿದರೆ ಸಾಕಾಗುತ್ತದೆ. ನೋಡುವವರಿಗೆ ಹಳೆಯ ಅಂಕಿಯಿಂದ ದೊಡ್ಡ ಹಾನಿಯಿಲ್ಲ. ಆ ಅಂಕಿಯನ್ನು ನಂಬಿ ಮಾರಿದಾಗಲೇ ಅನರ್ಥವಾಗುವುದು. ಒಂದೇ ಸ್ಥಾನ ಉಳಿದಿರುವಾಗ ಇಬ್ಬರೂ ‘1’ ಎಂದು ಓದಿ, ಇಬ್ಬರೂ ಒಂದನ್ನು ಕಳೆದು ‘0’ ಎಂದು ಬರೆದರೆ, 40 ಸ್ಥಾನಗಳಿಗೆ 41 ಟಿಕೆಟುಗಳು ಹೋದುವು. ಹಲಗೆಯನ್ನು ಕ್ಷಣಕ್ಷಣಕ್ಕೂ ತಿದ್ದಿದರೆ ಸರಿಹೋಗುವುದೆಂದು ಕೆಲವರ ವಾದ. ಇದು ನನಗೆ ಒಪ್ಪಿಗೆಯಿಲ್ಲ. ಓದುವುದು ಬೇರೆ, ಕಳೆಯುವುದು ಬೇರೆ ಆಗಿರುವವರೆಗೆ ನಡುವೆ ಸಂದು ಉಳಿದೇ ಇರುತ್ತದೆ. ಎರಡನ್ನೂ ಪುಸ್ತಕದಲ್ಲಿಯೇ ಒಂದೇ ಆಜ್ಞೆಯಿಂದ ಮಾಡಿಸಬೇಕು:

```
UPDATE train_quota SET free = free - 1
WHERE train_id = 7 AND free > 0;
```

ಒಂದು ಸಾಲು ಬದಲಾಯಿತೆಂದು ಉತ್ತರ ಬಂದರೆ ಸ್ಥಾನ ದೊರೆಯಿತು. ಸೊನ್ನೆಯೆಂದು ಬಂದರೆ ಇಲ್ಲ.

ಹಾಗಾದರೆ ಸರದಿಯ ಸಾಲೇಕೆ? ಪುಸ್ತಕವು ಸೆಕೆಂಡಿಗೆ 200 ಬೇಡಿಕೆಗಳನ್ನು ತೀರಿಸಬಲ್ಲದೆಂದು ಇಟ್ಟುಕೊಳ್ಳೋಣ. 4,000 ಬೇಡಿಕೆಗಳು ಒಮ್ಮೆಗೇ ನುಗ್ಗಿದರೆ ಅದು ತಡವರಿಸುತ್ತದೆ, ಉತ್ತರ ಕಾಣದ ಜನರು ಮತ್ತೆ ಮತ್ತೆ ಒತ್ತುತ್ತಾರೆ, ಹೊರೆ ಇಮ್ಮಡಿಯಾಗುತ್ತದೆ. ಸಾಲಿನಲ್ಲಿ ನಿಲ್ಲಿಸಿದರೆ ಅದೇ ಕೆಲಸ 20 ಸೆಕೆಂಡುಗಳಲ್ಲಿ ಮುಗಿಯುತ್ತದೆ. ಸಾಲು ಹೊರೆಯನ್ನು ಹದಮಾಡುತ್ತದೆಯೇ ಹೊರತು ಲೆಕ್ಕವನ್ನು ಕಾಯುವುದಿಲ್ಲ. ಸಾಲಿನಿಂದ ಬೇಡಿಕೆಯನ್ನು ಎತ್ತಿಕೊಂಡ ಯಂತ್ರ ನಡುವೆಯೇ ಕೆಟ್ಟರೆ ಅದೇ ಬೇಡಿಕೆ ಎರಡನೆಯ ಬಾರಿ ಬರಬಹುದು. ಆದುದರಿಂದ ಪ್ರತಿ ಬೇಡಿಕೆಗೂ ಒಂದು ಸಂಖ್ಯೆ ಕೊಟ್ಟು, ಬಂದದ್ದೇ ಬಂದರೆ ಬಿಟ್ಟುಬಿಡಬೇಕು.

ಹಣ ಬರುವವರೆಗೆ ಸ್ಥಾನವನ್ನು ಹತ್ತು ನಿಮಿಷ ಕಾದಿರಿಸಿ, ಬಾರದಿದ್ದರೆ ಹಿಂದಿರುಗಿಸುವುದು ವಾಡಿಕೆ. ಮಾರಿದ್ದು, ಕಾದಿರಿಸಿದ್ದು, ಉಳಿದದ್ದು ಮೂರೂ ಕೂಡಿ ಯಾವ ಕ್ಷಣದಲ್ಲಿಯೂ 40 ಆಗಬೇಕು. 41 ಕಂಡರೆ ಎಲ್ಲೋ ಎರಡು ಬಾರಿ ಮಾರಾಟವಾಗಿದೆ. 39 ಕಂಡರೆ ಯಾವುದೋ ಸ್ಥಾನ ಹಿಂದಿರುಗದೆ ಕಳೆದುಹೋಗಿದೆ.

ನನ್ನ ತಕರಾರು ಇಷ್ಟೇ: ನೂಕುನುಗ್ಗಲಿನ ಹೊತ್ತಿನಲ್ಲಿ ಹಲಗೆಯ ಹಳೆಯ ಅಂಕಿಗಿಂತ ‘ನಿಮ್ಮ ಸರದಿ 312’ ಎಂದು ತೋರಿಸುವುದು ಹೆಚ್ಚು ಪ್ರಾಮಾಣಿಕ. ಆಗ ನಮ್ಮ ಹುಡುಗನು ಪರದೆಯನ್ನು ಕುಟ್ಟುತ್ತ ಕೂರದೆ, ಅತ್ತಿಗುಪ್ಪೆಯಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್ಕಿನ ಬಸ್ ನಿಲ್ದಾಣಕ್ಕೆ ಹೊರಟುಬಿಡಬಹುದು.